ರಾಹುಕಾಲದಲ್ಲಿ ರೀಸ್ಟಾರ್ಟ್

ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಣ್ಣನ ಡಿಟಿಪಿ ಅಂಗಡಿ ಇತ್ತು. ಅಣ್ಣ ಎಂದರೆ ನನ್ನ ಒಡಹುಟ್ಟಿದವನಲ್ಲ, ಅಂಗಡಿಯ ಯಜಮಾನ. ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಕನ್ನಡ. ಓದಿದ್ದು ಮಾತ್ರ ತಮಿಳು. ತೊಂಬತ್ತರ ದಶಕದ ಕೊನೆ, ಕಂಪ್ಯೂಟರಿನಲ್ಲಿ ವಿಂಡೋಸ್ 98 ಬಂದಿದ್ದ ಕಾಲ. ನಾನು ದಿನಾ ಮಾರಂಡಹಳ್ಳಿಯಿಂದ ಬಸ್ಸು ಹತ್ತಿ ಬಂದು ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಅಂಗಡಿ ಬಿಲ್ಲು ಎಲ್ಲ ಟೈಪ್ ಮಾಡಿ ಪುಟ ಕಟ್ಟುತ್ತಿದ್ದೆ. ಇದ್ದದ್ದು ಒಂದೇ ಕಂಪ್ಯೂಟರು. ಪುಟ ಸಿದ್ಧವಾದ ಮೇಲೆ ಲೇಸರ್ ಪ್ರಿಂಟರಿನಲ್ಲಿ ಬಟರ್ ಪೇಪರ್ ಎಂಬ ಬೆಳಕು ಹಾಯುವ ತೆಳು ಹಾಳೆಯ ಮೇಲೆ ತೆಗೆದು ಸೇಲಂನ ಪ್ರೆಸ್ಸಿಗೆ ಬಸ್ಸಿನಲ್ಲಿ ಒಯ್ಯುವುದು ನಮ್ಮ ಪದ್ಧತಿ.

ಅಣ್ಣನಂಥ ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ. ಹಾಗೆಯೇ ಅವರಂಥ ಕೈ ಸುಮ್ಮನಿರದ ಮನುಷ್ಯನನ್ನೂ ಕಂಡಿಲ್ಲ. ಕಂಪ್ಯೂಟರ್ ಪತ್ರಿಕೆಯ ಜೊತೆ ತಿಂಗಳಿಗೊಂದು ಸಿಡಿ ಬರುತ್ತಿತ್ತಲ್ಲ, ಅದರೊಳಗೆ ಇದ್ದದ್ದನ್ನೆಲ್ಲ ಒಂದು ಬಿಡದೆ ಕಂಪ್ಯೂಟರಿಗೆ ಹಾಕಬೇಕು ಅವರಿಗೆ. ಗಡಿಯಾರ, ಮೀನು ಈಜುವ ಪರದೆ, ಜಾತಕ ಬರೆಯುವ ಪ್ರೋಗ್ರಾಂ. ನಾನು ಬೈದರೆ, "ಇರ್ಲಿ ಬುಡಮ್ಮಿ, ಪುಕ್ಸಟ್ಟೆ ಬಂದೈತೆ" ಅನ್ನುವರು. ನನ್ನ ಬಾಯಿ ಆಗಲೂ ಜೋರು. "ಪುಕ್ಸಟ್ಟೆ ಬಂತು ಅಂತ ಊರ ಕಸ ಎಲ್ಲಾ ಮನೇಗ್ ತುಂಬ್ಕೋತೀರಾ?" ಅನ್ನುತ್ತಿದ್ದೆ. ಅವರಿಗೆ ಕೋಪ ಬರುತ್ತಿರಲಿಲ್ಲ, ನಗುವರು.

ಆ ಸಲ ಮಾತ್ರ ಅವರು ಕೈಯಾಡಿಸಿದ್ದು ತಂಗಿಗಾಗಿ. ಅಪ್ಪ ಇಲ್ಲದ ಮನೆ, ತಂಗಿಯನ್ನು ಸಾಕಿದ್ದೇ ಇವರು. ಅವಳಿಗೆ ಹಿಂದೆ ಎರಡು ಕಡೆ ಮಾತಾಗಿ, ತಾಂಬೂಲ ಬದಲಾಯಿಸಿ, ಎರಡೂ ಮುರಿದಿದ್ದವು. ಈಗ ಮೂರನೆಯದು ಗಟ್ಟಿಯಾಗಿತ್ತು. ಗಂಡಿನ ಕಡೆಯವರು ಮೆಟ್ಟೂರಿನ ಹತ್ತಿರದವರು, ಬೇಸಾಯದ ಮನೆ. ಅವರದು ಒಂದೇ ಮಾತು: ಬರುವ ಸೋಮವಾರ ಅಚ್ಚಾದ ಮೊದಲ ಮದುವೆ ಪತ್ರಿಕೆಗೆ ಅರಿಶಿನ ಹಚ್ಚಿ ಕುಲದೇವರ ಮುಂದೆ ಇಡಬೇಕು, ಅಂದು ತಪ್ಪಿದರೆ ಆ ತಿಂಗಳಲ್ಲಿ ಬೇರೆ ದಿನ ಇಲ್ಲ. ಸೇಲಂ ಪ್ರೆಸ್ಸಿನವರು ಶನಿವಾರ ಮಧ್ಯಾಹ್ನದೊಳಗೆ ಬಟರ್ ಪೇಪರ್ ಕೈಗೆ ಬಂದರೆ ಅಂದೇ ಅಚ್ಚು ಹಾಕಿ ಕೊಡುತ್ತೇವೆ ಅಂದಿದ್ದರು. ಎರಡು ಸಲ ಮುರಿದ ಮನೆಯಲ್ಲಿ ಮೂರನೆಯ ಸಲ ಪತ್ರಿಕೆಯೇ ತಡವಾದರೆ ಜನ ಏನನ್ನುತ್ತಾರೆ? ಅಣ್ಣ ಆ ವಾರವಿಡೀ ಸರಿಯಾಗಿ ಉಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪತ್ರಿಕೆ ಬಹುಪಾಲು ಮುಗಿದಿತ್ತು. ಮೇಲ್ಗಡೆ ಪಿಳ್ಳೆಯಾರಪ್ಪನ, ಅಂದರೆ ನಮ್ಮ ಗಣಪತಿಯ ಚಿತ್ರ. ಅದು ಪರದೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕಾಣುತ್ತಿತ್ತು, ಬಣ್ಣ ಕಡಿಮೆ ತೋರಿಸುವ ಪರದೆ ಅದು. "ಪ್ರಿಂಟಲ್ಲಿ ಸರಿಯಾಗಿ ಬರ್ತದೆ ಅಣ್ಣ, ಮುಟ್ಬೇಡಿ" ಎಂದು ಹೇಳಿ ನಾನು ಅಂಚೆ ಕಚೇರಿಗೆ ಹೋದೆ. ಹೋಗಬಾರದಿತ್ತು ನೋಡಿ. ಬರುವಷ್ಟರಲ್ಲಿ ಅಣ್ಣ ಸಿಡಿ ಹಾಕಿ ಡಿಸ್ಪ್ಲೇ ಕಾರ್ಡಿಗೆ ಹೊಸ ಡ್ರೈವರ್ ಕೂರಿಸಿಬಿಟ್ಟಿದ್ದರು. ಡ್ರೈವರ್ ಅಂದರೆ ಆ ಕಾರ್ಡಿಗೂ ವಿಂಡೋಸಿಗೂ ನಡುವೆ ಮಾತು ಮುಟ್ಟಿಸುವ ಪ್ರೋಗ್ರಾಂ.

ಕಂಪ್ಯೂಟರ್ ಎದ್ದಿತು. ಪಿಳ್ಳೆಯಾರಪ್ಪ ನಿಜವಾಗಿಯೂ ನುಣ್ಣಗೆ ಕಂಡ. "ನೋಡ್ದಾ?" ಎಂದು ಅಣ್ಣ ನನ್ನ ಕಡೆ ತಿರುಗಿದರು. ನಾನು ಕುರ್ಚಿಯಲ್ಲಿ ಕೂತು ಮದುಮಗಳ ಹೆಸರನ್ನು ಮೌಸಿನಲ್ಲಿ ಹಿಡಿದು ನಡುವಿಗೆ ಎಳೆದೆ. ಪರದೆ ಗಕ್ಕನೆ ನಿಂತಿತು. ಮೌಸು ಅಲುಗಲಿಲ್ಲ. ಆರಿಸಿ ಹಾಕಿದೆ, ಮತ್ತೆ ಎಳೆದೆ, ಈ ಸಲ ಪರದೆಯೆಲ್ಲ ನೀಲಿ, ಮೇಲೆ ಬಿಳಿ ಅಕ್ಷರ. ಮುಟ್ಟದೆ ಬಿಟ್ಟರೆ ಸುಮ್ಮನಿರುತ್ತದೆ, ಏನನ್ನಾದರೂ ಎಳೆದರೆ, ಪುಟ ಸರಿಸಿದರೆ ಬೀಳುತ್ತದೆ. ಸಿಸ್ಟಮ್ ಸೆಟ್ಟಿಂಗಿನಲ್ಲಿ ಡಿಸ್ಪ್ಲೇ ಕಾರ್ಡಿನ ವೇಗವನ್ನು ಕಡಿಮೆ ಮಾಡುವ ಒಂದು ಗುಂಡಿ ಇತ್ತು. ಅದನ್ನು ಪೂರ್ತಿ ಎಡಕ್ಕೆ ಎಳೆದೆ. ಸ್ವಲ್ಪ ಹೊತ್ತು ತಡೆದುಕೊಂಡಿತು, ಆಮೇಲೆ ಮತ್ತೆ ಅದೇ ಕಥೆ. ಆದರೂ ಅದರಿಂದ ಒಂದು ಗೊತ್ತಾಯಿತು: ಕೆಟ್ಟದ್ದು ಪತ್ರಿಕೆಯ ಫೈಲಲ್ಲ, ಡಿಸ್ಪ್ಲೇ ಕಡೆಯದೇ.

ಸೇಲಂನಲ್ಲಿ ನಮಗೆ ಕಂಪ್ಯೂಟರ್ ಜೋಡಿಸಿ ಕೊಟ್ಟ ಎಂಜಿನಿಯರು ಫೋನಿಗೆ ಸಿಕ್ಕಿದ್ದು ಸಂಜೆ. ಅಷ್ಟರಲ್ಲಿ ಕರೆಂಟು ಹೋಗಿತ್ತು. ಅವರು ತಮಿಳಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, ಹಳೆಯ ಡ್ರೈವರ್ ತೆಗೆದ ಮೇಲೆ ರೀಸ್ಟಾರ್ಟ್ ಮಾಡಿದಿರಾ, ಎಂದು. ನಾನು ಅಣ್ಣನ ಮುಖ ನೋಡಿದೆ. ಅಣ್ಣ ಗೋಡೆ ನೋಡಿದರು.

"ಮಾಡ್ನಿಲ್ಲ."

"ಯಾಕೆ? ಅದೇ ಕೇಳ್ತದಲ್ಲ, ರೀಸ್ಟಾರ್ಟ್ ಮಾಡ್ಲಾ ಅಂತ?"

"ಕೇಳ್ತು. ಆಗ ರಾಹುಕಾಲ ಕಣಮ್ಮಿ. ನಮ್ ಮಗು ಮದ್ವೆ ಪತ್ರಿಕೆ ಅದ್ರೊಳಗೈತೆ. ರಾಹುಕಾಲದಲ್ಲಿ ಎಂಗ್ ಒಸದಾಗಿ ಶುರು ಮಾಡಾದು? ಬ್ಯಾಡ ಅಂತ ಒತ್ತಿ, ಒಸ ಡ್ರೈವರ್ ಆಕ್ಬುಟ್ಟೆ. ಅನ್ನೆರಡು ಗಂಟೆ ಆದ್ಮ್ಯಾಕೆ ಎಬ್ಸಿದೆ."

ನಾನು ಹಣೆ ಚಚ್ಚಿಕೊಂಡೆ. ಆ ಕಡೆ ಎಂಜಿನಿಯರು ಫೋನಿನಲ್ಲೇ ನಕ್ಕು, ಆದದ್ದನ್ನು ಬಿಡಿಸಿ ಹೇಳಿದರು. ವಿಂಡೋಸು ಎದ್ದಿರುವಾಗ ಹಳೆಯ ಡ್ರೈವರಿನ ಕೆಲವು ಫೈಲುಗಳು ಕೆಲಸದಲ್ಲಿರುತ್ತವೆ, ಅವನ್ನು ಆಗಲೇ ಅಳಿಸಲು ಆಗುವುದಿಲ್ಲ. ಮುಂದಿನ ಸಲ ಏಳುವಾಗ ಅಳಿಸು ಎಂದು ಬರೆದಿಟ್ಟುಕೊಳ್ಳುತ್ತದೆ. ಅಣ್ಣ ರೀಸ್ಟಾರ್ಟ್ ಮಾಡದೆ ಹೊಸದನ್ನು ಹಾಕಿದರು. ಹೊಸದರಲ್ಲೂ ಅದೇ ಹೆಸರಿನ ಫೈಲುಗಳು. ಮಧ್ಯಾಹ್ನ ಎದ್ದಾಗ ಕಂಪ್ಯೂಟರು ಬರೆದಿಟ್ಟುಕೊಂಡಂತೆ ಅಳಿಸಿತು, ಅಳಿಸಿದ್ದು ಹೊಸದನ್ನು. ಈಗ ಅಲ್ಲಿರುವುದು ಹಳೆಯದೂ ಅಲ್ಲ ಹೊಸದೂ ಅಲ್ಲ, ಅರ್ಧಂಬರ್ಧ.

ಮಾಡಬೇಕಾದ್ದನ್ನೂ ಅವರೇ ಹೇಳಿಕೊಟ್ಟರು. ಸೇಫ್ ಮೋಡಿನಲ್ಲಿ ಎಬ್ಬಿಸಬೇಕು, ಅಲ್ಲಿ ಯಾವ ಕಂಪನಿಯ ಡ್ರೈವರೂ ಇಲ್ಲದೆ ಪರದೆ ಬರೀ ಹದಿನಾರು ಬಣ್ಣದಲ್ಲಿ ಬರುತ್ತದೆ. ಅಲ್ಲೇ ಪ್ರಿಂಟ್ ತೆಗೆಯಬಹುದಾ ಎಂದು ಅಣ್ಣ ಆಸೆಯಿಂದ ನನ್ನ ಕೈಲಿ ಕೇಳಿಸಿದರು. ಆಗುವುದಿಲ್ಲ, ಅಲ್ಲಿ ಪ್ರಿಂಟರು ಕೆಲಸ ಮಾಡುವುದಿಲ್ಲ. ಡ್ರೈವರ್ ಪ್ರೋಗ್ರಾಮನ್ನು ತೆಗೆಯಬೇಕು, ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಪ್ಲೇ ಕೆಳಗೆ ಇರುವುದನ್ನೆಲ್ಲ ತೆಗೆಯಬೇಕು, ಹೊಸ ಡ್ರೈವರಿನ ಗುರುತಿನ ಫೈಲನ್ನು ಬೇರೆ ಕಡೆ ಸರಿಸಬೇಕು. ಇಲ್ಲದಿದ್ದರೆ ಕಂಪ್ಯೂಟರು ಕೇಳದೆಯೇ ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ಆಮೇಲೆ ರೀಸ್ಟಾರ್ಟ್. ಕಾರ್ಡಿನ ಜೊತೆ ಬಂದ ಹಳೆಯ ಸಿಡಿಯಿಂದ ಡ್ರೈವರ್ ಹಾಕಿ, ಮತ್ತೆ ರೀಸ್ಟಾರ್ಟ್. "ನಡುವೆ ಒಂದನ್ನೂ ಬಿಡಬೇಡಿ" ಎಂದು ಎರಡು ಸಲ ಹೇಳಿದರು.

ಶನಿವಾರ ನಾನು ಬೇಗನೆ ಬಂದೆ. ಕರೆಂಟು ಬಂದಿರಲಿಲ್ಲ. ಅಣ್ಣ ಕದ ತೆರೆದು, ಊದುಬತ್ತಿ ಹಚ್ಚಿ, ಬಲ್ಬನ್ನೇ ನೋಡುತ್ತ ಕೂತಿದ್ದರು. ಒಂಬತ್ತಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಬಂತು. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ, ಅದು ಶುರುವಾಗುವ ಮೊದಲೇ ಕಂಪ್ಯೂಟರು ಎದ್ದುಬಿಡಲಿ ಎಂದು ಅವರೇ ಓಡಿ ಹೋಗಿ ಸ್ವಿಚ್ ಹಾಕಿದರು. ನಾನು ಸೇಫ್ ಮೋಡಿಗೆ ಹೋದೆ. ಡಿವೈಸ್ ಮ್ಯಾನೇಜರಿನಲ್ಲಿ ನಮ್ಮ ಒಂದೇ ಕಾರ್ಡು ಎರಡಾಗಿ ಕೂತಿತ್ತು. ಎರಡನ್ನೂ ತೆಗೆದೆ, ಹೇಳಿದ ಫೈಲನ್ನು ಹುಡುಕಿ ಸರಿಸಿದೆ. ಇಷ್ಟಾಗುವಾಗ ಗಂಟೆ ಒಂಬತ್ತು ದಾಟಿತ್ತು. ಪರದೆಯ ಮೇಲೆ ಪ್ರಶ್ನೆ ಬಂತು, ಈಗ ರೀಸ್ಟಾರ್ಟ್ ಮಾಡಬೇಕೆ?

ಅಣ್ಣ ನನ್ನ ಕೈ ಹಿಡಿದುಬಿಟ್ಟರು.

"ಅತ್ತೂವರೆವರ್ಗೂ ಇರು ತಾಯಿ."

"ಹತ್ತೂವರೆಗೆ ಬಸ್ಸಲ್ಲಿ ಇರ್ಬೇಕು ಅಣ್ಣ ನೀವು! ತೊಪ್ಪೂರು ಘಾಟಿಲಿ ಒಂದು ಲಾರಿ ಅಡ್ಡ ನಿಂತ್ರೆ ಮುಗೀತು, ಪ್ರೆಸ್ ಬಾಗ್ಲು ಹಾಕ್ಕೊಂಡು ಹೋಗಿರ್ತಾರೆ."

"ಗೊತ್ತು ಕಣಮ್ಮಿ, ಗೊತ್ತು. ಆದ್ರೂ ನನ್ ಕೈಯಾರ ಎಂಗ್ ಮಾಡ್ಲಿ? ನಾಳಿಕ್ಕೆ ಏನಾರಾ ಎಚ್ಚುಕಮ್ಮಿ ಆದ್ರೆ?"

ನನಗೆ ರೇಗಿತು. ಹಾಗೆಯೇ ಅವರ ಮುಖ ನೋಡಿ ಪಾಪ ಅನ್ನಿಸಿತು. ನಾನು ಒತ್ತಿಬಿಡಬಹುದಿತ್ತು. ಆದರೆ ಮನೆಯವಳಲ್ಲದ ನಾನು ಒತ್ತಿ, ಮುಂದೆ ಏನಾದರೂ ಆದರೆ? ನನಗೂ ಕೈ ಬರಲಿಲ್ಲ.

ಆಗ ತಂಗಿ ಬಂದಳು, ಅಣ್ಣನಿಗೆ ಇಡ್ಲಿ ತೆಗೆದುಕೊಂಡು. ನಮ್ಮಿಬ್ಬರ ಮುಖ ನೋಡಿ ಏನೆಂದು ಕೇಳಿದಳು. ನಾನು ಹೇಳಿದೆ, ಮುಚ್ಚಿಡಲಿಲ್ಲ. ಅವಳು ಡಬ್ಬಿಯನ್ನು ಪ್ರಿಂಟರಿನ ಪಕ್ಕದಲ್ಲಿಟ್ಟು, "ಯಾವುದನ್ನ ಒತ್ಬೇಕು ಅಕ್ಕ?" ಎಂದಳು.

"ಏ, ನೀನ್ ಮುಟ್ಬ್ಯಾಡ!" ಅಣ್ಣ ಎದ್ದು ನಿಂತರು.

"ಅಣ್ಣ, ಎರಡು ಸಲಾನೂ ಒಳ್ಳೆ ಗಳಿಗೇಲೇ ನೋಡಿ ತಾಂಬೂಲ ಬದಲಾಯಿಸ್ದೆ ನೀನು. ಒಳ್ಳೆ ಗಳಿಗೇಲೇ ಮುರೀತಲ್ಲ. ನನ್ ಮದ್ವೆ ಇದು, ನಾನೇ ಒತ್ತೀನಿ."

ನಾನು ಎಂಟರ್ ಕೀ ತೋರಿಸಿದೆ. ಒತ್ತಿದಳು.

ಪರದೆ ಕಪ್ಪಾಯಿತು. ಅಣ್ಣ ಕಣ್ಣು ಮುಚ್ಚಿಕೊಂಡು ತುಟಿಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು. ಎದ್ದ ಕಂಪ್ಯೂಟರು ಹೊಸ ಕಾರ್ಡು ಸಿಕ್ಕಿದೆ, ಡ್ರೈವರ್ ಎಲ್ಲಿ ಎಂದು ಕೇಳಿತು. ಕಾರ್ಡಿನ ಸ್ವಂತ ಸಿಡಿ ಕೊಟ್ಟೆ. ಫೈಲುಗಳು ಒಂದೊಂದಾಗಿ ಬಂದು ಮುಗಿದವು. ಮತ್ತೆ ಅದೇ ಪ್ರಶ್ನೆ. ನಾನು ಕುರ್ಚಿ ಸರಿಸಿ ಅವಳಿಗೆ ಜಾಗ ಬಿಟ್ಟೆ. ಈ ಸಲವೂ ಅವಳೇ ಒತ್ತಿದಳು.

ಪತ್ರಿಕೆ ತೆರೆದೆ. ಪಿಳ್ಳೆಯಾರಪ್ಪ ಹಳೆಯ ಥರ ಚುಕ್ಕೆಚುಕ್ಕೆಯಾಗಿದ್ದ. ಮದುಮಗಳ ಹೆಸರನ್ನು ಹಿಡಿದು ನಡುವಿಗೆ ಎಳೆದೆ. ಬಂತು. ಪುಟವನ್ನು ಮೇಲೆ ಕೆಳಗೆ ಸರಿಸಿದೆ, ದೊಡ್ಡದು ಮಾಡಿದೆ, ಸಣ್ಣದು ಮಾಡಿದೆ, ಏನೂ ಆಗಲಿಲ್ಲ. ಬಟರ್ ಪೇಪರ್ ಪ್ರಿಂಟರಿನಿಂದ ಹೊರಬಂದಾಗ ಚಿತ್ರ ನಾನು ಹೇಳಿದಂತೆ ಸರಿಯಾಗಿಯೇ ಇತ್ತು. ಇನ್ನೊಂದು ಸಮಯವಾಗಿದ್ದರೆ ಅಣ್ಣನಿಗೆ ಅಲ್ಲೇ ಒಂದು ಪಾಠ ಓದುತ್ತಿದ್ದೆ.

ಅವರು ಹಾಳೆಯನ್ನು ಸುತ್ತಿ ಎದೆಗೆ ಒತ್ತಿಕೊಂಡು ಓಡಿದರು. ನಾವಿಬ್ಬರೂ ಹಿಂದೆಯೇ ಓಡಿದೆವು. ಸೇಲಂ ಬಸ್ಸು ಹೊರಡುತ್ತಿತ್ತು. ತಂಗಿ ಕಿಟಕಿಯೊಳಗೆ ಇಡ್ಲಿ ಡಬ್ಬಿ ತುರುಕಿ, "ತಿನ್ನು, ಅಂಗೇ ವಾಪಸ್ ತರಬ್ಯಾಡ" ಎಂದು ನಗುತ್ತ ಗದರಿಸಿದಳು. ಬಸ್ಸು ತಿರುವು ದಾಟುವವರೆಗೂ ನಗುತ್ತಲೇ ಕೈ ಬೀಸಿದಳು.

ಮರೆಯಾದದ್ದೇ ತಡ, ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳುಗಳು ಮಂಜಿನ ಹಾಗೆ ತಣ್ಣಗಿದ್ದವು.

"ನಂಗೂ ಭಯಾನೇ ಅಕ್ಕ" ಎಂದಳು. "ಒತ್ತುವಾಗ ಜೀವಾನೇ ಓದಂಗಾಯ್ತು. ಅಣ್ಣ ಒತ್ತಿ ನಾಳೆ ಇದೂ ಮುರಿದ್ರೆ, ನನ್ನಿಂದ್ಲೇ ಆಯ್ತು ಅಂತ ಸಾಯೋಗಂಟ ಕೊರಗ್ತಾನೆ. ನಾನ್ ಒತ್ತಿದ್ರೆ ತಪ್ಪು ನಂದೇ ಅಲ್ವಾ."

ಬಸ್ ಸ್ಟ್ಯಾಂಡಿನ ನಡುವೆ, ಅಷ್ಟು ಜನರ ಮುಂದೆ, ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ.