‘ಕುಟುಂಬ ಸಮೇತ’ ಎಂದು ಬರೆದ ವಾರಿಜಾ

ಒಮಾನಿನ ಸೊಹಾರ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕ್ಲಿನಿಕ್‌ನ ವ್ಯಾನು ಬರುವ ಮುಂಚೆ, ಅಲ್ಲಿ ನರ್ಸ್ ಆಗಿರುವ ವಾರಿಜಾ ಕೋಟ್ಯಾನ್ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಒಂದೇ ಸಾಲನ್ನು ಬರೆದು ಅಳಿಸುತ್ತಿದ್ದಾರೆ. ಕನ್ನಡ ಕೂಟದ ದೀಪಾವಳಿ ಸಂಜೆಯ ಪೋಸ್ಟರ್ ಸಿದ್ಧವಾಗಿದೆ. ಅದರ ಕೆಳಗೆ ವಾಟ್ಸಾಪಿನಲ್ಲಿ ಹೋಗುವ ಒಕ್ಕಣೆಯ ಕೊನೆಯ ತಿದ್ದುಪಡಿ ಮಾತ್ರ ಬಾಕಿ.

ಆರು ವರ್ಷಗಳಿಂದ ಇದು ಅವರದೇ ಕೆಲಸ. ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ. “ವಾಟ್ಸಾಪಲ್ಲಿ ಮೊದಲ ಮೂರ್ನಾಲ್ಕು ಸಾಲು ಮಾತ್ರ ಕಾಣುದು ಮಾರಾಯ್ರೆ. ದಿನ, ಶಾಲೆಯ ಹಾಲ್‌ನ ಹೆಸರು, ಟಿಕೆಟ್ ಎಲ್ಲಿ ಸಿಗ್ತದೆ, ಇಷ್ಟು ಮೇಲೇ ಬರ್ಬೇಕು. ಊಟ ಟಿಕೆಟಲ್ಲಿ ಸೇರ್ಲಿಲ್ಲ, ಮಳಿಗೆಯಲ್ಲಿ ಕೂಪನ್ ಕೊಟ್ಟು ತಗೊಳ್ಬೇಕು ಅಂತ ಬಿಡಿಸಿ ಹೇಳ್ಬೇಕು. ಟಿಕೆಟಿಗೆ ಕೊನೇ ದಿನ ಹಾಕದಿದ್ರೆ ಎಷ್ಟು ಅಕ್ಕಿ ನೆನೆಸುದು ಅಂತ ಮಳಿಗೆಯವರಿಗೆ ಗೊತ್ತಾಗುದಿಲ್ಲ.”

ಹೋದ ವರ್ಷ ಆ ಮೇಲಿನ ಸಾಲುಗಳಲ್ಲೇ ಅವರು ‘ಕುಟುಂಬ ಸಮೇತ ಬನ್ನಿ’ ಎಂದು ಬರೆದಿದ್ದರು. ಎಲ್ಲ ಆಮಂತ್ರಣಗಳಲ್ಲೂ ಇರುವ ಮಾತು. ಆ ಸಂಜೆ ಜೋಳದ ರೊಟ್ಟಿಯ ಮಳಿಗೆಯಲ್ಲಿ ರೊಟ್ಟಿ ಹಾಗೇ ಉಳಿಯಿತು. ಯಾಕೆಂದು ಯಾರಿಗೂ ಹೊಳೆಯಲಿಲ್ಲ.

ಮರುವಾರ ರಕ್ತ ಪರೀಕ್ಷೆಗೆಂದು ಶರಣಪ್ಪ ಮಡ್ಡಿ ಬಂದರು. ಲಿಂಗಸುಗೂರಿನವರು, ಬಂದರಿನಲ್ಲಿ ವೆಲ್ಡರ್. ಪ್ರತಿ ವರ್ಷ ಕಾರ್ಮಿಕರ ಕ್ಯಾಂಪಿನ ಗೆಳೆಯರೊಂದಿಗೆ ತಪ್ಪದೆ ಬರುತ್ತಿದ್ದವರು. ತೋಳಿಗೆ ಪಟ್ಟಿ ಬಿಗಿಯುತ್ತಾ ವಾರಿಜಾ ಕೇಳಿದರು: “ಯಾಕಣ್ಣ, ಈ ಸಲ ಕಾಣ್ಲೇ ಇಲ್ಲ?”

“ಫ್ಯಾಮಿಲಿಯವ್ರಿಗೆ ಅಂತ ಹಾಕಿದ್ರಲ್ರೀ ಅಕ್ಕಾರ. ಇಲ್ಲಿ ಪಾರ್ಕಿನ್ಯಾಗೂ ಹಂಗ ಬೋರ್ಡ್ ಇರತೈತಿ, ಒಂಟಿ ಗಂಡಸರನ್ನ ಬಿಡಂಗಿಲ್ಲ. ಹೊಸಾ ಅಂಗಿ ಹಾಕ್ಕೊಂಡು ಹೊಂಟು ನಿಂತಿದ್ವಿ. ನಮ್ಮಾಂವ ಒಬ್ಬ ಓದಿ ಹೇಳಿದ. ಬಿಚ್ಚಿಟ್ಟು ಅನ್ನಕ್ಕ ಇಟ್ವಿ.”

ದೂರಿನ ದನಿಯೇ ಅದರಲ್ಲಿರಲಿಲ್ಲ. ವಾರಿಜಾಗೆ ಸೂಜಿ ಹಾಕಲು ನರ ಸಿಗಲಿಲ್ಲ, ಎರಡನೇ ಸಲ ಚುಚ್ಚಬೇಕಾಯಿತು. “ಇರ್ಲಿ ಬಿಡ್ರೀ” ಎಂದು ಸಮಾಧಾನ ಹೇಳಿದವರೂ ಶರಣಪ್ಪನೇ.

ವಿಷಯ ತಿಳಿಸಿದಾಗ ಕೂಟದ ಕಾರ್ಯದರ್ಶಿ ಸತ್ಯಪ್ರಕಾಶ್ ನಕ್ಕುಬಿಟ್ಟರು. “ಎಲ್ಲರೂ ಬನ್ನಿ ಅಂತಲೇ ಅಲ್ವೇನ್ರಿ ಅದರರ್ಥ?” ವಾರಿಜಾಗೆ ನಗು ಬರಲಿಲ್ಲ. ಈಗ ಅದನ್ನು ನೆನೆದು ಅವರು ಹೇಳುತ್ತಾರೆ: “ನಂಗೂ ಆ ಬೋರ್ಡ್ ದಿನಾ ಕಾಣ್ತದೆ. ಗಂಡ, ಮಗಳು ಜೊತೆಗಿದ್ದಾರಲ್ಲ, ನಾನು ಒಳಗೆ ಹೋಗ್ತೇನೆ. ಅದನ್ನು ಓದುವ ಗರಜೇ ನಂಗೆ ಬೀಳ್ಲಿಲ್ಲ. ನಾಚಿಕೆ ಆಗ್ತದೆ ಸರ್, ಈಗ್ಲೂ.” ಇಷ್ಟು ಹೇಳಿ ಅವರು ಮುಖ ತಿರುಗಿಸುತ್ತಾರೆ.

ಕ್ಯಾಂಪಿನ ಗೇಟಿಗೆ ಹೋಗಿ ಅವರು ತಪ್ಪೊಪ್ಪಿಕೊಂಡರು. ಗಂಡಸರೆಲ್ಲ ಮುಜುಗರದಿಂದ ನೆಲ ನೋಡಿದರು. ಚಹಾ ತರಿಸಿದರು. ವಾರಿಜಾಗೆ ಅದನ್ನು ಕುಡಿಯುವುದು ಇನ್ನೂ ಕಷ್ಟವಾಯಿತಂತೆ.

ಈ ಸಲದ ಕರಡನ್ನು ಮೊದಲು ಓದಿದವರು ಶರಣಪ್ಪ. ‘ಒಬ್ಬರೇ ಇದ್ದೀರಾ? ಬನ್ನಿ. ಗೆಳೆಯರನ್ನೂ ಕರೆತನ್ನಿ’ ಎಂಬುದೇ ಮೊದಲ ಸಾಲು. ಟಿಕೆಟ್ ಕ್ಯಾಂಪಿನ ಅಂಗಡಿಯಲ್ಲೂ ಸಿಗುತ್ತದೆ, ಬಸ್ಸು ಅಲ್ಲಿಂದಲೇ ಹೊರಡುತ್ತದೆ. ಫಾರ್ವರ್ಡ್ ಮಾಡುವಾಗ ಒಕ್ಕಣೆ ಉದುರಿಹೋದರೂ ಉಳಿಯಲೆಂದು ಆ ಸಾಲನ್ನು ಪೋಸ್ಟರ್ ಮೇಲೂ ಅಚ್ಚು ಮಾಡಿಸಿದ್ದಾರೆ.

ಕೆಳಗೆ ನಿಮ್ಮ ಹೆಸರು ಹಾಕೋಣವೇ ಎಂದು ಸತ್ಯಪ್ರಕಾಶ್ ಕೇಳಿದ್ದಾರೆ. ವಾರಿಜಾ ಬೇಡವೆಂದಿದ್ದಾರೆ.

“ಹೆಸರು ಹಾಕುವಂಥದ್ದು ನಾನೇನೂ ಮಾಡ್ಲಿಲ್ಲ. ಅವರು ಬರ್ಲಿ, ಕೂತು ಉಣ್ಲಿ. ಆಮೇಲೆ ಅವರ ಮುಖ ನೋಡ್ಲಿಕ್ಕೆ ನಂಗೆ ಆಗ್ತದಾ ನೋಡುವ.”