ಜೂನ್ ಒಂದರ ಕುಜ

ಹುಡುಗನ ತಾಯಿ ಜಾತಕ ಕೇಳಿದಳು. ಕೂಡಿಬಂದರೆ ನನ್ನ ಕಿರಿಮಗಳ ಮದುವೆ, ಇಲ್ಲದಿದ್ದರೆ ಇಲ್ಲ. ಹುಡುಗನನ್ನು ಮಗಳೇ ಮೆಚ್ಚಿದ್ದಳು. ನಾವು ಜಾತಕ ಬರೆಸಿಟ್ಟವರಲ್ಲ. ಹುಟ್ಟಿದ ದಿನ ಜೂನ್ ಒಂದು ಎಂದಿದ್ದ ಅವಳ ಆಧಾರ್ ಕಾರ್ಡ್ ಹಿಡಿದು ಮುಂಬಯಿಯ ಗ್ರಾಂಟ್ ರೋಡಿನ ಜೋಯಿಸರಲ್ಲಿಗೆ ಹೋದೆವು. ಉಡುಪಿ ಕಡೆಯವರು. ಹುಟ್ಟಿದ ಹೊತ್ತು ಕೇಳಿದರು. ಕೋಳಿ ಕೂಗುವಾಗ ಅಂದೆ. ಅವರು ಹೇಳಿದ್ದನ್ನೆಲ್ಲ ಮಗಳು ಚೀಟಿಯಲ್ಲಿ ಬರೆದುಕೊಂಡಳು.

ಹೊರಗೆ ಗಟ್ಟಿ, ಒಳಗೆ ಮೆದು. ದುಡಿದಷ್ಟು ಹೆಸರಿಲ್ಲ. ನಂಬಿದವರಿಂದಲೇ ನೋವು. ಸಣ್ಣವಳಿದ್ದಾಗಲೇ ತಂದೆ ಇಲ್ಲ. ಏಳನೇ ಮನೆಯಲ್ಲಿ ಕುಜ, ಗಂಡನಿಗೆ ಕೇಡು.

ಮಗಳು ಅತ್ತಳು. "ಎಲ್ಲಾ ಖರೇ ಹೇಳ್ಯಾರ ಅವ್ವಾ. ಕಡೀದೂ ಖರೇನ ಇರ್ತೈತಿ."

ಕಾಂದಿವಲಿಗೆ ಬರುವ ಲೋಕಲ್‌ನಲ್ಲಿ ಅರೆನಿದ್ದೆ. ದೀಪಗಳು ನೀರಿನಲ್ಲಿ ತೇಲಿದ ಹಾಗೆ ಹಿಂದೆ ಸರಿಯುತ್ತಿದ್ದವು. ಆ ಮಾತುಗಳೂ ತೇಲಿ ಬಂದು ನನಗೇ ಅಂಟಿದವು. ಗಟ್ಟಿ, ಮೆದು, ಹೆಸರಿಲ್ಲ. ಇದು ನನ್ನ ಜಾತಕವೇ ಅನ್ನಿಸಿ ಹಿತವಾಯಿತು. ಹಿತವಾದದ್ದಕ್ಕೇ ಸಂಶಯ ಬಂತು.

ಮರುದಿನ ಚಾಳಿನ ನಲ್ಲಿಯ ಹತ್ತಿರ ನಾಲ್ವರು ಹೆಂಗಸರಿಗೆ ಆ ಚೀಟಿಯನ್ನು ತಡವರಿಸುತ್ತ ಓದಿದೆ. ಯಾರದ್ದೆಂದು ಹೇಳಲಿಲ್ಲ.

"ಅಯ್ಯ, ಇದು ನಂದ ಐತಿ!"

"ನಿಂದೆಲ್ಲಿ ಮೆದು? ನಂದಿದು!"

ನಾಲ್ವರೂ ಜಗಳಕ್ಕೇ ನಿಂತರು. ಎಲ್ಲರಿಗೂ ಹೊಂದಿದ ಮೂರು ಸಾಲುಗಳಿಗೆ ಗೀಟು ಹೊಡೆದೆ. ತಂದೆಯ ಸಾಲು ಮಾತ್ರ ನಮ್ಮದೇ. ಅದು ಹೇಗೆ ಗೊತ್ತಾಯಿತು? ಜೋಯಿಸರ ಮುಂದೆ ಕೂರುವಾಗ, "ಒಬ್ಬಾಕಿನ ಸಾಕೀನ್ರಿ ಇವಳನ್ನ" ಎಂದು ನಾನೇ ಒದರಿದ್ದೆ. ನನ್ನ ಹಣೆಯೂ ಬೋಳು. ಅದಕ್ಕೂ ಗೀಟು.

ಉಳಿದದ್ದು ಕುಜ. ಅದು ಯಾರಿಗೂ ಅಂಟದ, ಲೆಕ್ಕದ ಮಾತು. ಲೆಕ್ಕ ಯಾವುದರ ಮೇಲೆ? ಜೂನ್ ಒಂದರ ಮೇಲೆ. ಕಣ್ಣು ಮುಚ್ಚಿದರೆ ಅವಳು ಹುಟ್ಟಿದ ನಸುಕು ಕಾಣುತ್ತದೆ: ಗೋಡೆಯ ಗೂಡಿನಲ್ಲಿ ದೀಪಾವಳಿಯ ಹಣತೆ ಇನ್ನೂ ಆರಿರಲಿಲ್ಲ, ಚಳಿ. ಜೂನ್ ಒಂದು ಶಾಲೆಯ ಮಾಸ್ತರ ಕೊಟ್ಟದ್ದು. ತಲೆಯ ಮೇಲಿಂದ ಕೈ ಹಾಕಿಸಿ, ಆಚೆ ಕಿವಿ ಮುಟ್ಟಿದ್ದಕ್ಕೆ ಜೂನ್ ಒಂದಕ್ಕೆ ಆರು ವರ್ಷ ಎಂದು ಬರೆದಿದ್ದ. ಅದೇ ಕಾರ್ಡಿಗೂ ಬಂತು. ಆ ಕಾರ್ಡನ್ನು ಜೋಯಿಸರ ಕೈಗೆ ಕೊಟ್ಟವಳು ನಾನೇ. ತಪ್ಪು ನನ್ನದು.

ಮತ್ತೆ ಹೋಗಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಯಾವ ವರ್ಷದ ದೀಪಾವಳಿ ಅಮ್ಮಾ?"

"ಅದು ಗೊತ್ತಿಲ್ರಿ."

"ಹಾಗಾದ್ರೆ ಕುಜ ಎಲ್ಲಿದ್ದಾನೆ ಅಂತ ನನಗೂ ಹೇಳ್ಲಿಕ್ಕೆ ಆಗುದಿಲ್ಲ."

ಅವರು ಹೇಳಿದ್ದರಲ್ಲಿ ನಾನು ಒಪ್ಪಿದ್ದು ಆ ಒಂದು ಮಾತನ್ನು.

ಅದನ್ನೇ ಹುಡುಗನ ತಾಯಿಗೆ ಹೇಳಿದೆ. ಮಾತು ಕೂಡುವ ಮುನ್ನ ಅವಳಿಟ್ಟ ಚಹಾ ನಾನು ಮುಟ್ಟಿರಲಿಲ್ಲ. ಅವಳು ಒಳಗೆ ಹೋಗಿ ಮಗನ ಕಾರ್ಡ್ ತಂದಳು.

"ನೋಡ್ರಿ ಬೀಗತಿ, ಇವಂದೂ ಜೂನ್ ಒಂದ!"

ಬೀಗತಿ ಅಂದಳಲ್ಲ, ನಾನು ಚಹಾ ಕುಡಿದೆ.