ಮೂರನೇ ತಿಂಗಳ ಮುಖ

ಮದುವೆಗೆ ಆರು ತಿಂಗಳಿರುವಾಗ ಊಟಿಯ ಚರ್ಮದ ಡಾಕ್ಟರು ತಿಂಗಳುವಾರು ಪಟ್ಟಿ ಬರೆದುಕೊಟ್ಟರು: ಮೊದಲು ಮೊಡವೆಗೆ ಮುಲಾಮು, ಆಮೇಲೆ ಕಲೆಗೆ ಮೇಲ್ಚರ್ಮ ಸುಲಿಸುವ ಕೆಮಿಕಲ್ ಪೀಲ್, ಕೊನೆಯ ತಿಂಗಳು ಹೊಸದೇನೂ ಇಲ್ಲ. ಬಿಸಿಲು ಬೇಡವೆಂದಿದ್ದರು. ತೋಟದಲ್ಲಿ ನನ್ನ ಪಾಲಿನ ಚಹಾ ಎಲೆಯನ್ನೂ ಅಮ್ಮನೇ ಕೀಳುತ್ತಿದ್ದಳು.

ಮೂರನೇ ತಿಂಗಳಲ್ಲಿ ಒಂದು ಬುಧವಾರ ಪೀಲ್ ಆಯಿತು. ಮರುದಿನವೇ ಗಂಡಿನ ಮನೆಯಿಂದ ಫೋನು: ಅಜ್ಜಿಗೆ ಸೀರಿಯಸ್ಸು, ಈ ಭಾನುವಾರವೇ ಮದುವೆ. ಡಾಕ್ಟರನ್ನು ಕೇಳಿದೆ.

“ಒಂದು ವಾರ ಸುಲಿಯತ್ತೆ, ತಡೆಯೋಕಾಗಲ್ಲ. ಸಿಪ್ಪೆ ಕೀಳಬೇಡಿ, ಅಷ್ಟೇ.”

ಭಾನುವಾರ ಮೇಕಪ್ಪು ಸಿಪ್ಪೆಯ ಜೊತೆಗೇ ಏಳುತ್ತಿತ್ತು. ಹಾಸಿಗೆ ಹಿಡಿದಿದ್ದ ಆ ಅಜ್ಜಿ ನನ್ನ ಕೆನ್ನೆ ಸವರಿ, ಅಮ್ಮನನ್ನು ಗದರಿದರು: “ಮದುವೆ ಹೆಣ್ಣನ್ನ ಬಿಸಿಲಲ್ಲಿ ಎಲೆ ಕೀಳೋಕೆ ಕಳಿಸಿದ್ಯಲ್ಲಮ್ಮಾ!”

ಅಮ್ಮ ಎಲೆಯ ಕರೆ ಹಿಡಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, “ತಪ್ಪಾಯ್ತು” ಎಂದಳು.